ಲಿಮಿಟ್ ಕೇಳುವುದು ಬೇರೆ, ದಿನ ಕೇಳುವುದು ಬೇರೆ

ಫೆಬ್ರವರಿ ಮುಗಿಯುತ್ತಾ ಬಂದರೆ ಚಿತ್ರದುರ್ಗ, ತುಮಕೂರು ಕಡೆಯ ಪೈಪು-ಪಂಪಿನ ಅಂಗಡಿಗಳಲ್ಲಿ ಊಟಕ್ಕೂ ಪುರುಸೊತ್ತಿರುವುದಿಲ್ಲ. ಬೋರ್‌ವೆಲ್‌ಗಳಲ್ಲಿ ನೀರು ಕೆಳಗಿಳಿದಿರುತ್ತದೆ. ಒಬ್ಬರಿಗೆ ಮೋಟರ್ ಸುಟ್ಟಿದೆ, ಇನ್ನೊಬ್ಬರಿಗೆ ಕೊಳವೆ ಇನ್ನಷ್ಟು ಆಳಕ್ಕೆ ಇಳಿಸಬೇಕು, ಮತ್ತೊಬ್ಬರಿಗೆ ತೋಟದ ಇನ್ನೊಂದು ಬದಿಗೆ ಲೈನ್ ಎಳೆಯಬೇಕು. ವ್ಯಾಪಾರ ಹೀಗೆ ಏರಿ ನಿಂತ ಹೊತ್ತಿಗೇ ಡಿಸ್ಟ್ರಿಬ್ಯೂಟರ್ ಆಫೀಸಿನಿಂದ ಫೋನ್ ಬರುತ್ತದೆ: ‘ಸಾರ್, ನಿಮ್ಮ ಆರ್ಡರ್ ಬಂದಿದೆ, ಆದ್ರೆ ಬಿಲ್ ಆಗ್ತಿಲ್ಲ. ಲಿಮಿಟ್ ದಾಟಿದೆ. ಸ್ವಲ್ಪ ಪೇಮೆಂಟ್ ಹಾಕಿದ್ರೆ ಮಾಲು ಬಿಡ್ತೀವಿ.’

ಆ ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ. ಟ್ಯಾಲಿಯಂಥ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ಗಿರಾಕಿಯ ಖಾತೆಗೂ ಎರಡು ಸಂಖ್ಯೆ ನಮೂದಿಸಿಟ್ಟಿರುತ್ತಾರೆ. ಒಂದು, ಒಟ್ಟು ಬಾಕಿ ಎಷ್ಟು ರೂಪಾಯಿಯವರೆಗೆ ಹೋಗಬಹುದು ಎನ್ನುವುದು. ಇನ್ನೊಂದು, ಒಂದೊಂದು ಬಿಲ್ಲನ್ನೂ ಎಷ್ಟು ದಿನದೊಳಗೆ ತೀರಿಸಬೇಕು ಎನ್ನುವುದು. ಎರಡರಲ್ಲಿ ಯಾವುದು ಮೀರಿದರೂ ಹೊಸ ಬಿಲ್ ತೆಗೆಯದಂತೆ ತಡೆ ಹಾಕಿಡಬಹುದು. ಕೌಂಟರಿನಲ್ಲಿ ಕೂತವನಿಗೆ ಅದನ್ನು ಸಡಿಲಿಸುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ, ಯಜಮಾನರೇ ಬದಲಿಸಬೇಕು. ಯಜಮಾನರ ಹತ್ತಿರ ಹೋದ ಅಂಗಡಿಯವರು ಬಹುಮಟ್ಟಿಗೆ ಒಂದೇ ಉಸಿರಿಗೆ ಎರಡನ್ನೂ ಕೇಳುತ್ತಾರೆ: ‘ಲಿಮಿಟ್ ಜಾಸ್ತಿ ಮಾಡಿ, ದಿನಾನೂ ಸ್ವಲ್ಪ ಜಾಸ್ತಿ ಕೊಡಿ.’ ಕೇಳುವವರಿಗೆ ಇವೆರಡೂ ಒಂದೇ ಉಪಕಾರವೆಂದು ತೋರುತ್ತದೆ. ಕೊಡುವವರಿಗೆ ಹಾಗಲ್ಲ. ಲಿಮಿಟ್ ಏರಿಸುವುದಕ್ಕೆ ಬೀಳುವ ಖರ್ಚೇ ಬೇರೆ, ದಿನ ಏರಿಸುವುದಕ್ಕೆ ಬೀಳುವ ಖರ್ಚೇ ಬೇರೆ. ಈ ವ್ಯತ್ಯಾಸ ತಿಳಿದುಕೊಂಡು, ಹಳೆಯ ಖರೀದಿ ಲೆಕ್ಕವನ್ನು ಕೈಯಲ್ಲಿ ಹಿಡಿದು ಕೇಳಿದರೆ ಮಾತು ಬೇಗ ದಡ ಸೇರುತ್ತದೆ.

ಒಂದು ಅಂಗಡಿಯ ಲೆಕ್ಕ ಹಿಡಿದೇ ನೋಡೋಣ. ಹಿರಿಯೂರಿನಂಥ ಊರಿನಲ್ಲಿರುವ ಅಂಗಡಿ, ದಾವಣಗೆರೆಯ ಒಬ್ಬ ಡಿಸ್ಟ್ರಿಬ್ಯೂಟರ್‌ರಿಂದ ಪಿವಿಸಿ ಪೈಪು, ಫಿಟ್ಟಿಂಗ್ಸು, ಪಂಪು ತರಿಸುತ್ತದೆ ಎಂದಿಟ್ಟುಕೊಳ್ಳಿ. ಅಂಕಿಗಳು ವಿವರಣೆಗಾಗಿ ನಾನೇ ಇಟ್ಟವು, ಆದರೆ ಈ ವ್ಯಾಪಾರದಲ್ಲಿರುವವರಿಗೆ ಇದರ ಏರಿಳಿತ ಹೊಸದೇನಲ್ಲ. ಈಗಿರುವ ಲಿಮಿಟ್ 4 ಲಕ್ಷ, ಅವಧಿ 30 ದಿನ. ಹೋದ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ತೆರಿಗೆ ಸೇರಿ ಒಟ್ಟು ಖರೀದಿ 42 ಲಕ್ಷ.

ಈ 42 ಲಕ್ಷವನ್ನು ಹೆಮ್ಮೆಯಿಂದ ಮುಂದಿಟ್ಟರೆ ಏನಾಗುತ್ತದೆ? ಡಿಸ್ಟ್ರಿಬ್ಯೂಟರ್ ಅಲ್ಲೇ ಹನ್ನೆರಡರಿಂದ ಭಾಗಿಸುತ್ತಾರೆ. ತಿಂಗಳಿಗೆ ಮೂರೂವರೆ ಲಕ್ಷ. ‘ಮೂವತ್ತು ದಿನದ ಉದ್ರಿಗೆ ಮೂರೂವರೆ ಲಕ್ಷ ಸಾಕಲ್ರೀ, ನಿಮಗೆ ಈಗಾಗಲೇ ನಾಲ್ಕಿದೆ’ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಇಡೀ ವರ್ಷದ ಸರಾಸರಿ ಈ ವ್ಯಾಪಾರಕ್ಕೆ ಹೊಂದುವುದಿಲ್ಲ, ಅಷ್ಟೆ. ಅದನ್ನು ತೋರಿಸಬೇಕಾದವರು ಅಂಗಡಿಯವರು.

ತಿಂಗಳುವಾರು ಬಿಡಿಸಿದರೆ ಚಿತ್ರ ಬದಲಾಗುತ್ತದೆ. ಜನವರಿಯಲ್ಲಿ 3.8 ಲಕ್ಷ, ಫೆಬ್ರವರಿಯಲ್ಲಿ 5.4, ಮಾರ್ಚ್‌ನಲ್ಲಿ 6.2, ಏಪ್ರಿಲ್‌ನಲ್ಲಿ 5.6, ಮೇ ತಿಂಗಳಲ್ಲಿ 4.4. ಮಳೆ ಬಿದ್ದೊಡನೆ ಜೂನ್‌ಗೆ 2.4 ಲಕ್ಷಕ್ಕೆ ಕುಸಿದು, ಜುಲೈ ಆಗಸ್ಟ್‌ನಲ್ಲಿ 1.8 ಲಕ್ಷಕ್ಕೆ ಇಳಿದು, ದಸರಾ ಕಳೆದ ಮೇಲೆ ನಿಧಾನಕ್ಕೆ ಮತ್ತೆ ಮೇಲೇಳುತ್ತದೆ. ಮಾರ್ಚ್ ಒಂದನ್ನೇ ತೆಗೆದುಕೊಳ್ಳಿ. 31 ದಿನಕ್ಕೆ 6.2 ಲಕ್ಷ ಎಂದರೆ ದಿನಕ್ಕೆ 20 ಸಾವಿರದ ಮಾಲು. ಈ ವೇಗದಲ್ಲಿ 4 ಲಕ್ಷದ ಲಿಮಿಟ್ ತುಂಬಲು ಬೇಕಾದದ್ದು ಇಪ್ಪತ್ತೇ ದಿನ. ಇಪ್ಪತ್ತೊಂದನೆಯ ದಿನ ಮಾಲು ಬೇಕೆಂದರೆ ಮೊದಲನೆಯ ದಿನದ ಬಿಲ್ಲಿಗೆ ದುಡ್ಡು ಹಾಕಲೇಬೇಕು. ಕಾಗದದ ಮೇಲೆ 30 ದಿನದ ಅವಧಿ, ಕೈಗೆ ಸಿಕ್ಕಿದ್ದು 20 ದಿನ.

ಇಡೀ ವಾದದ ತಿರುಳು ಇಲ್ಲಿದೆ. ದಿನಕ್ಕೆ ಎಷ್ಟು ರೂಪಾಯಿ ಮಾಲು ಎತ್ತುತ್ತೀರೋ ಅದನ್ನು ಉದ್ರಿಯ ದಿನಗಳಿಂದ ಗುಣಿಸಿದರೆ ಬೇಕಾದ ಲಿಮಿಟ್ ಬರುತ್ತದೆ. ಲಿಮಿಟ್ ಅದಕ್ಕಿಂತ ಕಡಿಮೆಯಿದ್ದರೆ ದಿನಗಳು ತಾವಾಗಿಯೇ ಮೊಟಕಾಗುತ್ತವೆ. ‘ದಿನ ಸಾಲುತ್ತಿಲ್ಲ’ ಎಂದು ಅಂಗಡಿಯವರು ಗೊಣಗುವಾಗ ಎಷ್ಟೋ ಸಲ ಸಾಲದೆ ಹೋಗಿರುವುದು ಲಿಮಿಟ್ಟು. ಇದನ್ನು ಗಮನಿಸದೆ 45 ದಿನ ಕೇಳಿ, ಡಿಸ್ಟ್ರಿಬ್ಯೂಟರ್ ಉದಾರವಾಗಿ ಒಪ್ಪಿ, ಲಿಮಿಟ್ ಮಾತ್ರ 4 ಲಕ್ಷದಲ್ಲೇ ಉಳಿಸಿದರೆ ಮಾರ್ಚ್‌ನಲ್ಲಿ ಸಿಗುವುದು ಮತ್ತದೇ ಇಪ್ಪತ್ತು ದಿನ.

ಈ ಗುಣಾಕಾರ ಮಾಡುವಾಗ ಅಂಗಡಿಯ ಅಕೌಂಟೆಂಟರು ಒಂದು ಕಡೆ ಎಡವುತ್ತಾರೆ. ಖರೀದಿ ಖಾತೆಯನ್ನು ತೆರೆದು ಅಲ್ಲಿನ ಮೊತ್ತವನ್ನು ಬರೆದುಕೊಡುತ್ತಾರೆ. ಆ ಖಾತೆಯಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ, ಅದು ಬೇರೆ ತಲೆಬರಹಕ್ಕೆ ಹೋಗಿರುತ್ತದೆ. ಲಿಮಿಟ್ ಎಣಿಸುವುದು ಬಿಲ್ಲಿನ ಪೂರ್ತಿ ಮೊತ್ತದ ಮೇಲೆ. ಪಿವಿಸಿ ಪೈಪಿನ ಮೇಲೆ 18% ತೆರಿಗೆ ಇರುವುದರಿಂದ 1 ಲಕ್ಷದ ಮಾಲು ಬಾಕಿಯಲ್ಲಿ 1,18,000 ಆಗಿ ಕೂರುತ್ತದೆ. ತೆರಿಗೆ ಬಿಟ್ಟು ಲೆಕ್ಕ ಹಾಕಿ ಕೇಳಿದ ಲಿಮಿಟ್, ಸಿಕ್ಕ ಮೊದಲ ತಿಂಗಳೇ ಸಾಲದಾಗುತ್ತದೆ. ಹಾಗಾಗಿ ಖರೀದಿ ಖಾತೆಯನ್ನಲ್ಲ, ಆ ಡಿಸ್ಟ್ರಿಬ್ಯೂಟರ್ ಹೆಸರಿನ ಲೆಡ್ಜರನ್ನೇ ತೆಗೆಯಬೇಕು.

ಇಷ್ಟೂ ಖರೀದಿಯ ಮಾತಾಯಿತು. ಡಿಸ್ಟ್ರಿಬ್ಯೂಟರ್‌ಗೆ ಇದು ಅರ್ಧ ಕತೆ ಮಾತ್ರ. ನೀವು ಎಷ್ಟು ಕೊಂಡಿರಿ ಎಂಬುದು ಅವರ ಕಂಪ್ಯೂಟರಿನಲ್ಲೂ ಇದೆ. ಅವರ ಕಣ್ಣು ಹೋಗುವುದು ದುಡ್ಡು ಬಂದ ದಿನದ ಕಡೆಗೆ. ಹೆಚ್ಚು ಕೊಳ್ಳುವ ಅಂಗಡಿ ತಡವಾಗಿ ಕಟ್ಟುತ್ತಿದ್ದರೆ ಅದು ಅವರ ಪಾಲಿಗೆ ದೊಡ್ಡ ಗಿರಾಕಿಯಲ್ಲ, ದೊಡ್ಡ ಅಪಾಯ. ಆದ್ದರಿಂದ ಖರೀದಿ ಇತಿಹಾಸದ ಹಾಳೆಯಲ್ಲಿ ಬಿಲ್ ದಿನಾಂಕದ ಪಕ್ಕದಲ್ಲಿ ದುಡ್ಡು ಅವರ ಖಾತೆಗೆ ಬಿದ್ದ ದಿನಾಂಕ ಇರಲೇಬೇಕು.

‘ಬಿದ್ದ ದಿನಾಂಕ’ ಎಂದದ್ದಕ್ಕೆ ಕಾರಣವಿದೆ. ಮಾರ್ಚ್ 4ರ ಬಿಲ್ಲೊಂದು 1,18,000 ರೂಪಾಯಿಯದು. ಕೊನೆಯ ದಿನ ಏಪ್ರಿಲ್ 3. ಅಂಗಡಿಯವರು ಏಪ್ರಿಲ್ 2ಕ್ಕೆ ಸೇಲ್ಸ್‌ಮನ್ ಕೈಗೆ ಚೆಕ್ ಕೊಟ್ಟು, ಒಂದು ದಿನ ಮೊದಲೇ ಕಟ್ಟಿದೆ ಎಂದುಕೊಂಡರು. ಅವನು ಅದನ್ನು ಆಫೀಸಿಗೆ ಮುಟ್ಟಿಸಿ, ಬ್ಯಾಂಕಿಗೆ ಹಾಕಿ, ಹಣ ಜಮೆಯಾದದ್ದು 5ಕ್ಕೆ. ಅಂಗಡಿಯ ಪುಸ್ತಕದಲ್ಲಿ 29 ದಿನ, ಡಿಸ್ಟ್ರಿಬ್ಯೂಟರ್ ಪುಸ್ತಕದಲ್ಲಿ 32. ವರ್ಷವಿಡೀ ಹೀಗೇ ನಡೆದರೆ ‘ನಾನು ಯಾವತ್ತೂ ತಡ ಮಾಡಿಲ್ಲ’ ಎನ್ನುವ ಅಂಗಡಿಯವರೂ ‘ನೀವು ಯಾವಾಗಲೂ ಎರಡು ದಿನ ತಡ’ ಎನ್ನುವ ಡಿಸ್ಟ್ರಿಬ್ಯೂಟರೂ ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ನೆಫ್ಟ್ 2019ರ ಡಿಸೆಂಬರ್‌ನಿಂದ ರಜಾ ದಿನಗಳಲ್ಲೂ ಹಗಲು ರಾತ್ರಿ ನಡೆಯುತ್ತಿದೆ. ಲಿಮಿಟ್ ಕೇಳುವ ಯೋಚನೆ ಇದ್ದರೆ ಅದಕ್ಕೆ ಆರು ತಿಂಗಳ ಮೊದಲಿನಿಂದ ಚೆಕ್ ಬಿಟ್ಟು ಅದರಲ್ಲೇ ಕಟ್ಟುವುದು ಒಳ್ಳೆಯದು. ಬೇರೇನೂ ಬದಲಾಗದೆ ದಾಖಲೆಯಲ್ಲಿ ಎರಡು ಮೂರು ದಿನ ಕಡಿಮೆಯಾಗುತ್ತದೆ.

ಸರಾಸರಿ ತೆಗೆಯುವಾಗಲೂ ಮೊತ್ತವನ್ನು ಗಣನೆಗೆ ತೆಗೆದುಕೊಳ್ಳಬೇಕು. ಮೇಲಿನ 1,18,000ದ ಬಿಲ್ 32 ದಿನಕ್ಕೆ ತೀರಿತು. 59,000ದ ಇನ್ನೊಂದು 27 ದಿನಕ್ಕೆ. 23,600ರ ಮೂರನೆಯದು 61 ದಿನ ಎಳೆಯಿತು, ಯಾಕೆಂದರೆ ಲಾರಿಯಿಂದ ಇಳಿಸುವಾಗಲೇ ಪೈಪು ಸೀಳಿದ್ದವು, ವಾಪಸಿನ ಕ್ರೆಡಿಟ್ ನೋಟ್ ಬರಲಿ ಎಂದು ಕಾದರು. ಮೂರನ್ನೂ ಸುಮ್ಮನೆ ಕೂಡಿ ಮೂರರಿಂದ ಭಾಗಿಸಿದರೆ ಸರಾಸರಿ 40 ದಿನ ಬರುತ್ತದೆ, ಹಾಳಾದ ದಾಖಲೆಯಂತೆ ಕಾಣುತ್ತದೆ. ಪ್ರತಿ ಬಿಲ್ಲಿನ ಮೊತ್ತವನ್ನು ಅದರ ದಿನಗಳಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಮೊತ್ತದಿಂದ ಭಾಗಿಸಿದರೆ 34 ದಿನ. ದೊಡ್ಡ ದುಡ್ಡು ಸಮಯಕ್ಕೆ ಬಂದಿದೆ, ಚಿಕ್ಕದೊಂದು ತಕರಾರಿನಿಂದ ನಿಂತಿತ್ತು ಎಂಬುದನ್ನು ಈ ಲೆಕ್ಕ ಸರಿಯಾಗಿ ಹೇಳುತ್ತದೆ. 61 ದಿನದ ಬಿಲ್ಲನ್ನು ಹಾಳೆಯಿಂದ ಮರೆಮಾಚುವುದು ಬೇಡ. ಅವರ ಬಳಿ ಅದು ಇದ್ದೇ ಇದೆ. ಪಕ್ಕದಲ್ಲಿ ‘ಸೀಳಿದ ಪೈಪು, ಕ್ರೆಡಿಟ್ ನೋಟ್ ಬಂದದ್ದು ಇಂಥ ದಿನ’ ಎಂದು ಬರೆದರೆ ಸಾಕು.

ಹೀಗೆ ತಕರಾರಿನಲ್ಲಿ ಉಳಿದುಹೋದ ಚಿಲ್ಲರೆ ಬಾಕಿಗಳ ಬಗ್ಗೆ ಇನ್ನೂ ಒಂದೆರಡು ಮಾತು ಹೇಳಲೇಬೇಕು, ಏಕೆಂದರೆ ಒಳ್ಳೆಯ ಅಂಗಡಿಗಳ ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಇವುಗಳಿಂದಲೇ. ಡಿಸ್ಟ್ರಿಬ್ಯೂಟರ್ ಮುಂದೆ ನಿಮ್ಮ ಖಾತೆ ತೆರೆದುಕೊಳ್ಳುವುದು ವಯಸ್ಸಿನ ಪಟ್ಟಿಯಾಗಿ: 30 ದಿನದೊಳಗಿನ ಬಾಕಿ ಇಷ್ಟು, 31ರಿಂದ 60 ಇಷ್ಟು, 61ರಿಂದ 90 ಇಷ್ಟು, 90 ದಾಟಿದ್ದು ಇಷ್ಟು. ಕೊನೆಯ ಅಂಕಣದಲ್ಲಿ 2,360 ರೂಪಾಯಿ ಕೂತಿದ್ದರೂ ಕಣ್ಣಿಗೆ ಕುಕ್ಕುತ್ತದೆ. ಅದು ಒಂದು ಫಿಟ್ಟಿಂಗ್ಸ್ ಪೆಟ್ಟಿಗೆ ಕಡಿಮೆ ಬಂದದ್ದಕ್ಕೆ ನೀವು ಹಿಡಿದುಕೊಂಡ ಹಣವಿರಬಹುದು, ಸೇಲ್ಸ್‌ಮನ್ ಬಾಯಿಮಾತಿನಲ್ಲಿ ಒಪ್ಪಿದ ಸ್ಕೀಮಿನ ರಿಯಾಯಿತಿ ಇರಬಹುದು. ಕಂಪ್ಯೂಟರಿಗೆ ಅದು ನವೆಂಬರ್‌ನ ಬಿಲ್ ಇನ್ನೂ ತೀರಿಲ್ಲ ಎಂಬ ಸುದ್ದಿ ಮಾತ್ರ. ದಿನದ ತಡೆ ಹಾಕಿದ್ದರೆ ಈ ಚಿಲ್ಲರೆಯೇ ಲಕ್ಷ ರೂಪಾಯಿಯ ಹೊಸ ಬಿಲ್ಲನ್ನು ನಿಲ್ಲಿಸುತ್ತದೆ. ಇದಕ್ಕೆ ತೆರಿಗೆಯ ಬಾಲವೂ ಇದೆ. ಬಿಲ್ಲಿನ ದಿನದಿಂದ 180 ದಿನದೊಳಗೆ ಮಾರಿದವರಿಗೆ ಹಣ ಕೊಡದಿದ್ದರೆ, ಕೊಡದ ಭಾಗಕ್ಕೆ ತಕ್ಕಷ್ಟು ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು ಎನ್ನುತ್ತದೆ ಜಿಎಸ್‌ಟಿ ಕಾಯ್ದೆಯ 16ನೆಯ ವಿಧಿ.

ಇನ್ನೊಂದು ಅಭ್ಯಾಸ, ವಾರಕ್ಕೊಮ್ಮೆ ಬಿಲ್ ನಂಬರ್ ಹೇಳದೆ 50 ಸಾವಿರ, 1 ಲಕ್ಷ ಎಂದು ದುಂಡು ಮೊತ್ತ ಹಾಕುವುದು. ಅಂಗಡಿಯವರಿಗೆ ಇದು ಸಲೀಸು. ಆದರೆ ಆ ಹಣವನ್ನು ಯಾವ ಬಿಲ್ಲಿಗೆ ಹೊಂದಿಸಬೇಕೆಂದು ತಿಳಿಯದ ಗುಮಾಸ್ತರು ಅದನ್ನು ‘ಆನ್ ಅಕೌಂಟ್’ ಎಂದು ಒಂದು ಕಡೆ ಜಮೆ ಮಾಡಿ ಬಿಡುತ್ತಾರೆ. ಒಟ್ಟು ಬಾಕಿ ಸರಿಯಾಗಿಯೇ ಇರುತ್ತದೆ, ಬಿಲ್ಲುವಾರು ನೋಡಿದರೆ ಮಾತ್ರ ಹಳೆಯ ಬಿಲ್ಲುಗಳೆಲ್ಲ ತೀರದೆ ನಿಂತಂತೆ ಕಾಣುತ್ತವೆ. ಅಂದರೆ ದುಡ್ಡು ಕಟ್ಟಿಯೂ ತಡಮಾಡುವವರ ಪಟ್ಟಿಗೆ ಸೇರಿದಂತಾಯಿತು. ಅರ್ಜಿಗೆ ಮೊದಲು ಎರಡೂ ಕಡೆಯ ಲೆಡ್ಜರ್ ತಾಳೆ ನೋಡಿ, ಆನ್ ಅಕೌಂಟ್ ಹಣವನ್ನೆಲ್ಲ ಬಿಲ್ಲಿಗೆ ಹೊಂದಿಸಿಸಿ, ಬಾಕಿ ದೃಢೀಕರಣದ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರೆ ಅರ್ಧ ಕೆಲಸ ಮುಗಿದಂತೆ. 2,360 ರೂಪಾಯಿಯ ಜಗಳವನ್ನು ಗೆಲ್ಲುವುದಕ್ಕಿಂತ ಅದನ್ನು ಕಟ್ಟಿ ಮುಗಿಸುವುದೇ ಲಾಭವಾಗುವ ಸಂದರ್ಭಗಳೂ ಇವೆ. ಇದು ನನ್ನ ಅಭಿಪ್ರಾಯ, ತತ್ವನಿಷ್ಠರು ಒಪ್ಪಲಿಕ್ಕಿಲ್ಲ.

ಚೆಕ್ ವಾಪಸಾದ ಇತಿಹಾಸವಿದ್ದರೆ ಮಾತು ಬೇರೆ. ಹನ್ನೆರಡು ತಿಂಗಳ ಒಳ್ಳೆಯ ದಾಖಲೆಯನ್ನು ಒಂದು ಬೌನ್ಸ್ ಅಳಿಸಿಹಾಕುತ್ತದೆ. ಆ ಸಂದರ್ಭದಲ್ಲಿ ಒಂದು ಸೀಸನ್ ಸುಮ್ಮನಿದ್ದು, ನಂತರ ಕೇಳುವುದೇ ಸರಿ.

ಈಗ ಮೇಜಿನ ಆ ಬದಿಗೆ ಹೋಗಿ ಕೂರೋಣ. ಡಿಸ್ಟ್ರಿಬ್ಯೂಟರ್ ಹಣ ಅವರದ್ದೇ ಆಗಿರುವುದು ಅಪರೂಪ. ಕಂಪನಿಗೆ ಅವರು ಮುಂಗಡವಾಗಿಯೋ ಕೆಲವೇ ವಾರಗಳಲ್ಲೋ ಕಟ್ಟಬೇಕು, ಅದಕ್ಕೆ ಬ್ಯಾಂಕಿನ ಸಿಸಿ ಖಾತೆಯಿಂದ ತೆಗೆಯುತ್ತಾರೆ. ಬಡ್ಡಿ ವರ್ಷಕ್ಕೆ 12% ಎಂದುಕೊಂಡರೆ, ನಿಮ್ಮಲ್ಲಿ ನಿಂತ ಪ್ರತಿ 1 ಲಕ್ಷಕ್ಕೆ ಅವರಿಗೆ ತಿಂಗಳಿಗೆ ಸಾವಿರ ರೂಪಾಯಿ ಖರ್ಚು. ಸಾಗಾಣಿಕೆ, ಸಂಬಳ ಕಳೆದು ಅವರಿಗೆ ಉಳಿಯುವುದು ನೂರಕ್ಕೆ ಮೂರು ಎಂದುಕೊಳ್ಳೋಣ.

ನಮ್ಮ ಅಂಗಡಿಯವರು ಸೀಸನ್ನಿನಲ್ಲಿ ಲಿಮಿಟ್ ತುಂಬಿದಾಗಲೆಲ್ಲ ಇನ್ನೊಬ್ಬ ಡಿಸ್ಟ್ರಿಬ್ಯೂಟರ್‌ರಿಂದ ಮಾಲು ತರಿಸುತ್ತಿದ್ದರು. ತಿಂಗಳಿಗೆ ಸುಮಾರು 1.2 ಲಕ್ಷ, ದಿನಕ್ಕೆ 4 ಸಾವಿರ. ಈಗ ಅವರು ಹೇಳುವುದು ಇಷ್ಟು: ಲಿಮಿಟ್ ಏರಿಸಿದರೆ ಆ ಖರೀದಿಯನ್ನೂ ನಿಮಗೇ ಕೊಡುತ್ತೇನೆ. ಆಗ ದಿನದ ಮಾಲು 24 ಸಾವಿರ. ಅವಧಿ ಈಗಿನ 30 ದಿನವೇ ಇರಲಿ ಎಂದರೆ ಬೇಕಾದ ಲಿಮಿಟ್ 7.2 ಲಕ್ಷ. ಡಿಸ್ಟ್ರಿಬ್ಯೂಟರ್‌ಗೆ ಹೆಚ್ಚುವರಿಯಾಗಿ ಸಿಕ್ಕಿಕೊಳ್ಳುವುದು 3.2 ಲಕ್ಷ. ಫೆಬ್ರವರಿಯಿಂದ ಮೇವರೆಗೆ ನಾಲ್ಕು ತಿಂಗಳಿಗೆ ಅದರ ಬಡ್ಡಿ 12,800. ಹೊಸದಾಗಿ ಬಂದ 4.8 ಲಕ್ಷದ ವ್ಯಾಪಾರದಲ್ಲಿ ನೂರಕ್ಕೆ ಮೂರರಂತೆ ಅವರಿಗೆ ಉಳಿಯುವುದು 14,400. ಬಡ್ಡಿ ಕಳೆದೂ ಸ್ವಲ್ಪ ಮಿಗುತ್ತದೆ.

ಅದೇ 45 ದಿನ ಕೇಳಿದರೆ? ಲಿಮಿಟ್ 10.8 ಲಕ್ಷಕ್ಕೆ ಹೋಗಬೇಕು. ಹೆಚ್ಚುವರಿಯಾಗಿ ಸಿಕ್ಕಿಕೊಳ್ಳುವುದು 6.8 ಲಕ್ಷ, ನಾಲ್ಕು ತಿಂಗಳ ಬಡ್ಡಿ 27,200. ಹೊಸ ವ್ಯಾಪಾರದ ಲಾಭ ಅದೇ 14,400. ಉಳಿದದ್ದನ್ನು ಅವರು ತಮ್ಮ ಹಳೆಯ ಲಾಭದಿಂದ ತುಂಬಬೇಕು. ಬಡ್ಡಿಗಿಂತ ದೊಡ್ಡ ಭಯ ಇನ್ನೊಂದಿದೆ. ಒಂದು ಅಂಗಡಿ ಬಾಗಿಲು ಮುಚ್ಚಿದರೆ ಮುಳುಗುವ ಹಣ 7 ಲಕ್ಷವಾಗುವ ಬದಲು 11 ಲಕ್ಷವಾಗುತ್ತದೆ. ಮೂರು ಪರ್ಸೆಂಟ್ ಲಾಭದಲ್ಲಿ 11 ಲಕ್ಷ ವಾಪಸು ಗಳಿಸಬೇಕಾದರೆ ಮೂರೂವರೆ ಕೋಟಿಗೂ ಮೀರಿ ವ್ಯಾಪಾರ ಮಾಡಬೇಕು. ಲಿಮಿಟ್ ಕೇಳಿದಾಗ ತಲೆಯಾಡಿಸಿದ ಯಜಮಾನರು ದಿನದ ಮಾತು ಬಂದೊಡನೆ ಟೀ ತರಿಸಿ ಬೇರೆ ವಿಷಯ ಎತ್ತುವುದು ಇದಕ್ಕೇ.

ಹಾಗಾದರೆ ದಿನ ಕೇಳಲೇಬಾರದೇ? ಕೇಳಬಹುದು, ಎಲ್ಲ ಬಿಲ್ಲಿಗೂ ಅಲ್ಲ. ಪೈಪಿನ ವ್ಯಾಪಾರದಲ್ಲಿ ಜನವರಿಯ ಹೊತ್ತಿಗೆ ಡಿಸ್ಟ್ರಿಬ್ಯೂಟರ್ ಗೋಡೌನು ತುಂಬಿರುತ್ತದೆ, ಸೀಸನ್ ಇನ್ನೂ ಶುರುವಾಗಿರುವುದಿಲ್ಲ. ಆಗ ‘ಒಂದು ಲೋಡು ಈಗಲೇ ಎತ್ತುತ್ತೇನೆ, ಆ ಒಂದು ಬಿಲ್ಲಿಗೆ 60 ದಿನ ಕೊಡಿ’ ಎಂದರೆ ಅವರಿಗೂ ಜಾಗ ಖಾಲಿಯಾಗುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಕಂಪನಿಯ ವರ್ಷದ ಗುರಿ ಮುಟ್ಟಿಸುವ ಒತ್ತಡ ಇದ್ದಾಗಲೂ ಹೀಗೆ ಒಂದು ಬಿಲ್ಲಿಗೆ ಮೀಸಲಾದ ದಿನ ಸಿಗುವುದುಂಟು. ಬಿಲ್ ನಂಬರ್, ಕೊನೆಯ ದಿನಾಂಕ ಎರಡೂ ಗೊತ್ತಿರುವ ಇಂಥ ಬೇಡಿಕೆಗೆ ಹೂಂ ಎನ್ನುವುದು ಸುಲಭ, ಏಕೆಂದರೆ ಅದು ಯಾವಾಗ ಮುಗಿಯುತ್ತದೆಂದು ಇಬ್ಬರಿಗೂ ಗೊತ್ತು. ಅವಧಿಯನ್ನು ಶಾಶ್ವತವಾಗಿ ಬದಲಿಸಬೇಕೆಂದರೆ ಹೀಗೆ ಕೊಟ್ಟ 60 ದಿನದ ಬಿಲ್ಲು 58ನೆಯ ದಿನ ತೀರಿದ ಉದಾಹರಣೆಗಳು ಮೊದಲು ಖಾತೆಯಲ್ಲಿರಬೇಕು.

ಅದಕ್ಕೂ ಮೊದಲು ಅಂಗಡಿಯವರು ತಮ್ಮನ್ನೇ ಕೇಳಿಕೊಳ್ಳಬೇಕಾದದ್ದೊಂದಿದೆ: ಈ ಹೆಚ್ಚಿನ ದಿನಗಳಿಗೆ ನಾನು ತೆರುತ್ತಿರುವ ಬೆಲೆ ಎಷ್ಟು? ಏಳು ದಿನದೊಳಗೆ ಕಟ್ಟಿದರೆ 2% ಕ್ಯಾಶ್ ಡಿಸ್ಕೌಂಟ್ ಇರುವ ಕಡೆ 1 ಲಕ್ಷದ ಬಿಲ್ಲಿಗೆ 98,000 ಕಟ್ಟಿದರೆ ಸಾಕು. ಕಟ್ಟದೆ 30ನೆಯ ದಿನದವರೆಗೆ ಕಾದರೆ, 23 ದಿನ ಆ ಹಣ ಇಟ್ಟುಕೊಂಡದ್ದಕ್ಕೆ 2,000 ತೆತ್ತ ಹಾಗೆ. ಅದೇ 98,000ವನ್ನು 12% ಬಡ್ಡಿಯ ಓಡಿ ಖಾತೆಯಿಂದ 23 ದಿನಕ್ಕೆ ತೆಗೆದರೆ ಬಡ್ಡಿ ಸುಮಾರು 740 ರೂಪಾಯಿ. 45 ದಿನದ ಅವಧಿ ಸಿಕ್ಕಿದರೂ, 38 ದಿನಕ್ಕೆ ಬ್ಯಾಂಕಿನ ಬಡ್ಡಿ 1,225ರ ಆಸುಪಾಸು, 2,000 ದಾಟುವುದಿಲ್ಲ. ಬ್ಯಾಂಕಿನಲ್ಲಿ ಓಡಿ ಸಿಗುವಂಥ ಅಂಗಡಿಗೆ ಡಿಸ್ಟ್ರಿಬ್ಯೂಟರ್ ಬಳಿ ದಿನ ಬೇಡುವುದು ದುಬಾರಿ ವ್ಯವಹಾರ. ದಿನ ಹೆಚ್ಚಿಸುತ್ತೇವೆ, ಆದರೆ ಕ್ಯಾಶ್ ಡಿಸ್ಕೌಂಟ್ ಇನ್ನಿಲ್ಲ ಎಂಬ ಷರತ್ತು ಬಂದರಂತೂ ಒಪ್ಪುವ ಮೊದಲು ಈ ಲೆಕ್ಕ ಹಾಕಿ ನೋಡಬೇಕು.

ಕೇಳುವ ಹೊತ್ತು ಯಾವುದು? ಫೆಬ್ರವರಿ ಕೊನೆಯಲ್ಲಿ, ಬಿಲ್ ನಿಂತ ದಿನವೇ ಫೋನ್ ಹಚ್ಚಿ ಕೇಳಿದರೆ ಇಕ್ಕಟ್ಟಿಗೆ ಸಿಕ್ಕವರ ಕೂಗಿನಂತೆ ಕೇಳಿಸುತ್ತದೆ. ಜನವರಿ ಮೊದಲ ವಾರದಲ್ಲಿ, ಡಿಸೆಂಬರ್‌ನ ಬಿಲ್ಲುಗಳು ಸಮಯಕ್ಕೆ ತೀರುತ್ತಿರುವಾಗ ಕೇಳಬೇಕು. ಸೇಲ್ಸ್‌ಮನ್ ಮೂಲಕ ಬಾಯಿಮಾತಿನಲ್ಲಿ ಹೇಳಿಸಿದರೆ ಅರ್ಧ ಸೋರಿಹೋಗುತ್ತದೆ. ಆದರೆ ಅವನನ್ನು ಬಿಟ್ಟು ನೇರ ಹೋದರೆ ಅವನಿಗೆ ಬೇಸರ, ಯಜಮಾನರು ಮೊದಲು ಅಭಿಪ್ರಾಯ ಕೇಳುವುದೂ ಅವನನ್ನೇ. ಹಾಳೆಯನ್ನು ಅವನಿಗೆ ಮುಂಚಿತವಾಗಿ ತೋರಿಸಿ, ಪತ್ರವನ್ನು ಯಜಮಾನರ ಹೆಸರಿಗೇ ಬರೆಯುವುದು ಒಳ್ಳೆಯದು. ಪತ್ರ ಉದ್ದವಿರಬೇಕಿಲ್ಲ. ನಮ್ಮ ಅಂಗಡಿಯವರದು ಹೀಗಿರಬಹುದು:

‘ಮಾನ್ಯರೇ, ಕಳೆದ ಜನವರಿಯಿಂದ ಡಿಸೆಂಬರ್‌ವರೆಗೆ ನಿಮ್ಮಲ್ಲಿ ನಮ್ಮ ಖರೀದಿ ತೆರಿಗೆ ಸೇರಿ 42 ಲಕ್ಷ ರೂ. ಇದರಲ್ಲಿ ಫೆಬ್ರವರಿಯಿಂದ ಮೇವರೆಗಿನದು 21.6 ಲಕ್ಷ. ನಮ್ಮ ಪಾವತಿ, ಹಣ ನಿಮ್ಮ ಖಾತೆಗೆ ಜಮೆಯಾದ ದಿನದ ಲೆಕ್ಕದಲ್ಲಿ, ಸರಾಸರಿ 31 ದಿನಕ್ಕೆ ಆಗಿದೆ. ಚೆಕ್ ವಾಪಸಾಗಿಲ್ಲ. ಈಗಿನ 4 ಲಕ್ಷದ ಲಿಮಿಟ್ ಮಾರ್ಚ್‌ನಲ್ಲಿ 20 ದಿನಕ್ಕೇ ತುಂಬುವುದರಿಂದ ಆರ್ಡರ್‌ಗಳು ನಿಂತು ಬೇರೆ ಕಡೆ ಹೋಗಿವೆ. ನಿಂತ ಆರ್ಡರ್‌ಗಳ ದಿನಾಂಕ, ಮೊತ್ತ ಜೊತೆಗಿದೆ. 30 ದಿನದ ಅವಧಿಯನ್ನು ಹಾಗೆಯೇ ಇಟ್ಟು, ಸೀಸನ್ ಮುಗಿಯುವವರೆಗೆ ಲಿಮಿಟ್ಟನ್ನು 7.5 ಲಕ್ಷಕ್ಕೆ ಏರಿಸಿಕೊಡಬೇಕೆಂದು ಕೋರುತ್ತೇವೆ. ಸೀಸನ್ನಿನಲ್ಲಿ ಬೇರೆಡೆ ಹೋಗುತ್ತಿದ್ದ ತಿಂಗಳಿಗೆ ಸುಮಾರು 1.2 ಲಕ್ಷದ ಖರೀದಿಯನ್ನೂ ನಿಮ್ಮಲ್ಲೇ ಮಾಡುತ್ತೇವೆ.’

ಜೊತೆಗೆ ಎರಡೇ ಹಾಳೆ. ಒಂದರಲ್ಲಿ ತಿಂಗಳುವಾರು ಖರೀದಿ, ಇನ್ನೊಂದರಲ್ಲಿ ಬಿಲ್ಲುವಾರು ಪಾವತಿ. ಬೇರೆಡೆಯಿಂದ ತರಿಸಿದ್ದು ಎಷ್ಟೆಂದು ನಂಬಿಸಲು ಜಿಎಸ್‌ಟಿ ಪೋರ್ಟಲಿನ ಜಿಎಸ್‌ಟಿಆರ್-2ಬಿ ನೆರವಿಗೆ ಬರುತ್ತದೆ. ಅದು ನೀವು ಬರೆದುಕೊಂಡ ಲೆಕ್ಕವಲ್ಲ, ನಿಮಗೆ ಮಾರಿದವರು ಸಲ್ಲಿಸಿದ ವಿವರದಿಂದ ತಾನಾಗಿ ತಯಾರಾಗುವ ಪಟ್ಟಿ, ಹಾಗಾಗಿ ನಂಬಿಕೆ ಹೆಚ್ಚು. ಆದರೆ ಇಡೀ ಪಟ್ಟಿಯನ್ನು ಒಪ್ಪಿಸಬೇಡಿ. ಅದರಲ್ಲಿ ಉಳಿದ ಎಲ್ಲ ಪೂರೈಕೆದಾರರ ಹೆಸರು, ಮೊತ್ತ ಇರುತ್ತದೆ, ಅದು ಇವರಿಗೆ ಬೇಕಿಲ್ಲದ ಮಾಹಿತಿ. ಫೋನಿನಲ್ಲಿ ತೆರೆದು ಮೊತ್ತ ತೋರಿಸಿದರೆ ಸಾಕು.

ಒಪ್ಪಿದ ಡಿಸ್ಟ್ರಿಬ್ಯೂಟರ್ ಬದಲಿಗೆ ಸಹಿ ಮಾಡಿದ ಖಾಲಿ ಚೆಕ್ ಕೇಳಬಹುದು. ‘ಸುಮ್ನೆ ಫೈಲ್‌ನಲ್ಲಿರುತ್ತೆ’ ಎಂಬ ಮಾತಿನ ಭರವಸೆಯ ಮೇಲೆ ಅದನ್ನು ಹಗುರವಾಗಿ ಕೊಡುವಂತಿಲ್ಲ. ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಇನ್ನೊಬ್ಬರು ತುಂಬಿದರೂ, ಅದು ಸಾಲಕ್ಕಾಗಿ ಕೊಟ್ಟದ್ದೆಂಬ ಪೂರ್ವಭಾವನೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರ ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಹಾಗಲ್ಲವೆಂದು ತೋರಿಸುವ ಹೊಣೆ ಕೊಟ್ಟವರದ್ದು. ಕೊಡಲೇಬೇಕಾಗಿ ಬಂದರೆ ಚೆಕ್ ನಂಬರ್, ಯಾವ ಲಿಮಿಟ್‌ಗಾಗಿ ಭದ್ರತೆ, ಯಾವಾಗ ವಾಪಸು ಎಂಬುದನ್ನು ಬರೆದು ಅವರ ಸಹಿ ಪಡೆದಿಟ್ಟುಕೊಳ್ಳಬೇಕು.

ಲಿಮಿಟ್ ಮಂಜೂರಾಯಿತು ಎಂದು ವಾಟ್ಸ್‌ಆ್ಯಪ್‌ನಲ್ಲಿ ಹೆಬ್ಬೆರಳಿನ ಗುರುತು ಬಂದೊಡನೆ ಕೆಲಸ ಮುಗಿಯುವುದಿಲ್ಲ. ತಂತ್ರಾಂಶದಲ್ಲಿ ಆ ಸಂಖ್ಯೆ ಬದಲಾಗಿದೆಯೇ ಎಂದು ಆಫೀಸಿನವರಿಂದ ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಮಾರ್ಚ್‌ನಲ್ಲಿ ಅದೇ ಹುಡುಗನಿಂದ ಅದೇ ಫೋನು ಬರುತ್ತದೆ. ಏರಿಸಿದ ಲಿಮಿಟ್ ಎಂದಿನವರೆಗೆ ಎಂಬ ದಿನಾಂಕವನ್ನೂ ಆಗಲೇ ನೋಡಬೇಕು. ಸೀಸನ್ ಮೇಗೆ ಮುಗಿಯುತ್ತದೆಂದು ಬಹಳ ಮಂದಿ ಮೇ 31ಕ್ಕೆ ಒಪ್ಪಿಬಿಡುತ್ತಾರೆ. ನಮ್ಮ ಅಂಗಡಿಯ ಲೆಕ್ಕದಲ್ಲಿ ಮೇ ತಿಂಗಳ ಖರೀದಿ 4.4 ಲಕ್ಷ, ಬೇರೆಡೆಯಿಂದ ಇತ್ತ ಬಂದ 1.2 ಲಕ್ಷ ಸೇರಿ 5.6 ಲಕ್ಷ. ಎಲ್ಲ ಬಿಲ್ಲನ್ನೂ ಸರಿಯಾಗಿ 30 ದಿನಕ್ಕೆ ಕಟ್ಟಿದರೂ ಮೇ 31ರಂದು ಬಾಕಿ 5.6 ಲಕ್ಷದ ಸುಮಾರಿಗೇ ಇರುತ್ತದೆ. ಮರುದಿನ ಲಿಮಿಟ್ 4 ಲಕ್ಷಕ್ಕೆ ಇಳಿದರೆ ಒಂದು ಬಿಲ್ಲೂ ತಡವಾಗದೆ ಖಾತೆ ಲಾಕ್ ಆಗುತ್ತದೆ. ಜೂನ್‌ನ ಖರೀದಿ 2.4 ಲಕ್ಷ ಮಾತ್ರ, ಆ ತಿಂಗಳು ಕಳೆಯುವಷ್ಟರಲ್ಲಿ ಮೇ ಬಿಲ್ಲುಗಳೆಲ್ಲ ತೀರಿ ಬಾಕಿ ತಾನಾಗಿ 4 ಲಕ್ಷದ ಕೆಳಗೆ ಬಂದಿರುತ್ತದೆ. ಆದ್ದರಿಂದ ಪತ್ರದಲ್ಲಿ ‘ಸೀಸನ್ ಮುಗಿಯುವವರೆಗೆ’ ಎಂಬುದನ್ನು ಹೊಡೆದುಹಾಕಿ ‘ಜೂನ್ 30ರವರೆಗೆ’ ಎಂದೇ ಬರೆಯಬೇಕು.